ತುಳಸಿಕಟ್ಟೆ ಸ್ಪಷ್ಟ, ಮಗು ಮಸುಕು

ಕಳೆದ ಕಾರ್ತಿಕದಲ್ಲಿ ತುಳಸಿ ಹಬ್ಬಕ್ಕೆಂದು ತೀರ್ಥಹಳ್ಳಿ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ಅಂಗಳದ ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ, ಕಬ್ಬಿನ ಜಲ್ಲೆ ಕಟ್ಟಿದ್ದರು. ಕಟ್ಟೆಯ ಮೇಲೆ ಹಣತೆಯ ಸಾಲು, ಜಗುಲಿಯ ಮೂಲೆಯಲ್ಲಿ ಒಂದೇ ಒಂದು ಬಲ್ಬು. ಅಕ್ಕನ ಮಗಳು, ಏಳು ವರ್ಷದವಳು, ಹಸಿರು ಲಂಗ ಉಟ್ಟು ಕಟ್ಟೆಗೆ ಪ್ರದಕ್ಷಿಣೆ ಹಾಕುತ್ತಿದ್ದಳು. ನಾನು ಜಗುಲಿಯ ಅಂಚಿನಲ್ಲಿ ನಿಂತು ಫೋನನ್ನು ನೈಟ್ ಮೋಡ್‌ಗೆ ಇಟ್ಟು ಗುಂಡಿ ಒತ್ತಿದೆ. ಪರದೆಯಲ್ಲಿ ಚಿಕ್ಕ ವೃತ್ತವೊಂದು ತುಂಬಿಕೊಂಡಿತು, ಸುಮಾರು ಒಂದು ಸೆಕೆಂಡಾದ ಮೇಲೆ ಚಿತ್ರ ಬಂತು.

ಅಕ್ಕ ಇಣುಕಿ ನೋಡಿ, "ಅಯ್ಯೋ, ಕಟ್ಟೆ ಎಷ್ಟು ಚೆನ್ನಾಗಿ ಬಂದಿದೆ! ಮಗು ಮಾತ್ರ ಹೊಗೆ ಥರ ಬಂದಿದೆಯಲ್ಲೋ" ಎಂದಳು.

ಅವಳು ಹೇಳಿದ್ದು ನಿಜ. ಕಣ್ಣಿಗೆ ಕಪ್ಪಾಗಿ ಕಾಣುತ್ತಿದ್ದ ಹೆಂಚಿನ ಸಾಲು ಚಿತ್ರದಲ್ಲಿ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿತ್ತು. ನೆಲ್ಲಿಯ ಎಲೆಗಳು, ಕಟ್ಟೆಗೆ ಬಳಿದ ಸುಣ್ಣದ ಬಿರುಕು, ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಸೀರೆಯ ಅಂಚು, ಎಲ್ಲವೂ ಇದ್ದವು. ಮಗುವಿನ ಲಂಗ ಮಾತ್ರ ಹಸಿರು ಮಂಜಿನಂತೆ ಹರಡಿತ್ತು. ಮುಖದಲ್ಲಿ ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಬೀಸುತ್ತಿದ್ದ ಬಲಗೈ ಇರಲೇ ಇಲ್ಲ. ಇದೆಲ್ಲದರ ನಡುವೆ ಒಂದು ಕಾಲು, ಕಾಲ್ಗೆಜ್ಜೆ ಸಮೇತ, ಕಡೆದಿಟ್ಟಂತೆ ಮೂಡಿತ್ತು.

ಹತ್ತಾರು ಫ್ರೇಮ್ ತೆಗೆದು ಕೂಡಿಸುವಷ್ಟು ಜಾಣತನ ಇರುವ ಫೋನು, ಅವುಗಳಲ್ಲಿ ಒಂದಾದರೂ ಒಳ್ಳೆಯ ಮಗುವನ್ನು ಆರಿಸಿ ಕೊಡಬಾರದಿತ್ತೇ? ಇದು ಅಕ್ಕನ ಪ್ರಶ್ನೆ. ಉತ್ತರ ಆ ಹೊಗೆಯಲ್ಲೇ ಇದೆ.

ತುಂತುರು ಮಳೆಗೆ ಇಟ್ಟ ಬಟ್ಟಲುಗಳು

ಫೋನಿನ ಸೆನ್ಸರನ್ನು ಒಂದು ಅಂಗಳ ಎಂದುಕೊಳ್ಳಿ. ಅದರಲ್ಲಿ ಒತ್ತೊತ್ತಾಗಿ ಒಂದು ಕೋಟಿ ಇಪ್ಪತ್ತು ಲಕ್ಷ ಬಟ್ಟಲು ಇಟ್ಟಿದ್ದಾರೆ. ಒಂದೊಂದು ಬಟ್ಟಲೂ ಒಂದು ಪಿಕ್ಸೆಲ್. 12 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದರೆ ಇಷ್ಟೇ. ಬೆಳಕು ಮಳೆಯಂತೆ ಬೀಳುತ್ತದೆ. ಅದೂ ಹನಿ ಹನಿಯಾಗಿ, ಫೋಟಾನ್‌ಗಳಾಗಿ. ಬಟ್ಟಲಿಗೆ ಬಿದ್ದ ಹನಿಗಳನ್ನು ಸೆನ್ಸರ್ ಎಲೆಕ್ಟ್ರಾನ್‌ಗಳಾಗಿ ಎಣಿಸುತ್ತದೆ. ಹನಿ ಜಾಸ್ತಿ ಬಿದ್ದ ಬಟ್ಟಲು ಚಿತ್ರದಲ್ಲಿ ಬೆಳ್ಳಗೆ, ಕಡಿಮೆ ಬಿದ್ದದ್ದು ಕಪ್ಪಗೆ.

ಹಗಲಿನಲ್ಲಿ ಇದು ಆಷಾಢದ ಜಡಿಮಳೆ. ನೇರ ಬಿಸಿಲಿನಲ್ಲಿ ನೆಲದ ಮೇಲೆ ಸುಮಾರು 30,000 ಲಕ್ಸ್ ಬೆಳಕಿರುತ್ತದೆ. ಕಚೇರಿಯ ಒಳಗೆ ಸುಮಾರು 300 ಲಕ್ಸ್. ಬೀದಿದೀಪದ ಕೆಳಗಿನ ಕಾಲುದಾರಿಯಲ್ಲಿ ಕೇವಲ 3. ಹಣತೆ ಹಚ್ಚಿದ ಅಕ್ಕನ ಅಂಗಳವೂ ಅದರ ಆಸುಪಾಸಿನದೇ. ಅಂದರೆ ಅದು ಹಗಲಿನ ಹತ್ತು ಸಾವಿರದಲ್ಲಿ ಒಂದು ಪಾಲು, ಬಿದ್ದೂ ಬೀಳದ ತುಂತುರು.

ತುಂತುರು ಮಳೆಗೆ ಒಂದು ಗುಣವಿದೆ. ಒಂದೇ ಅಳತೆಯ ಎರಡು ಬಟ್ಟಲನ್ನು ಅಕ್ಕಪಕ್ಕ ಇಟ್ಟರೂ ಎರಡಕ್ಕೂ ಒಂದೇ ಲೆಕ್ಕದ ಹನಿ ಬೀಳುವುದಿಲ್ಲ. ಒಂದಕ್ಕೆ ನಾಲ್ಕು ಬಿದ್ದರೆ ಪಕ್ಕದ್ದಕ್ಕೆ ಎರಡು, ಅದರಾಚೆಯದಕ್ಕೆ ಆರು. ಸುಣ್ಣ ಬಳಿದ ಗೋಡೆ ಒಂದೇ ಸಮನೆ ಬಿಳಿಯಿದ್ದರೂ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವುದು ಇದಕ್ಕೇ. ಇದನ್ನೇ ಛಾಯಾಗ್ರಾಹಕರು ನಾಯ್ಸ್ ಎನ್ನುತ್ತಾರೆ. ಇಲ್ಲಿ ತಪ್ಪು ಕ್ಯಾಮೆರಾದ್ದಲ್ಲ, ಬೆಳಕು ಬೀಳುವ ರೀತಿಯೇ ಅದು.

ಮತ್ತೊಂದು ನಾಯ್ಸ್ ಕ್ಯಾಮೆರಾದ್ದೇ. ಪ್ರತಿ ಸಲ ಬಟ್ಟಲನ್ನು ಎತ್ತಿ ಹನಿ ಎಣಿಸುವಾಗ ಒಂದೆರಡು ಹನಿಯ ಲೆಕ್ಕ ತಪ್ಪುತ್ತದೆ. ಬಟ್ಟಲು ತುಂಬಿದ್ದರೆ ಎರಡು ಹನಿಯ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಇರುವುದೇ ನಾಲ್ಕು ಹನಿಯಾದರೆ ಎರಡು ಹನಿಯ ತಪ್ಪು ದೊಡ್ಡದು. ಮುಂದಿನ ಲೆಕ್ಕಕ್ಕೆ ಇದು ಬೇಕು, ನೆನಪಿಡಿ.

ಎರಡಕ್ಕೂ ಹಳೆಯ ಮದ್ದು ಒಂದೇ. ಬಟ್ಟಲನ್ನು ಹೆಚ್ಚು ಹೊತ್ತು ಮಳೆಯಲ್ಲಿ ಬಿಡುವುದು, ಅಂದರೆ ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು. ಫಿಲ್ಮ್ ಕಾಲದಲ್ಲಿ ಟ್ರೈಪಾಡ್ ನಿಲ್ಲಿಸಿ ಹಾಗೇ ಮಾಡುತ್ತಿದ್ದೆವು. ಆದರೆ ಕೈಯಲ್ಲಿ ಹಿಡಿದ ಫೋನನ್ನು ಒಂದು ಸೆಕೆಂಡು ಅಲುಗದಂತೆ ಇಡುವುದು ಯಾರಿಂದಲೂ ಆಗದ ಮಾತು. ಉಸಿರಾಟ, ನಾಡಿಬಡಿತ, ಬೆರಳಿನ ನಡುಕ, ಎಲ್ಲವೂ ಚಿತ್ರದಲ್ಲಿ ಗೆರೆ ಎಳೆಯುತ್ತವೆ.

ಒಂದರ ಬದಲು ಹದಿನೈದು

ನೈಟ್ ಮೋಡ್ ಈ ತೊಡಕನ್ನು ಬಿಡಿಸಿದ್ದು ಎಕ್ಸ್‌ಪೋಶರನ್ನು ತುಂಡು ಮಾಡಿ. ಒಂದು ಸೆಕೆಂಡಿನ ಒಂದು ಚಿತ್ರದ ಬದಲು, ಸೆಕೆಂಡಿನ ಹದಿನೈದನೇ ಒಂದು ಭಾಗದ ಹದಿನೈದು ಚಿತ್ರ. ಒಂದೊಂದರಲ್ಲೂ ಕೈನಡುಕ ಕಡಿಮೆ. ಚಿತ್ರದಿಂದ ಚಿತ್ರಕ್ಕೆ ಫೋನು ಸ್ವಲ್ಪ ಜರುಗಿದ್ದರೆ, ಆ ಜರುಗನ್ನು ಲೆಕ್ಕ ಹಾಕಿ ಒಂದರ ಮೇಲೊಂದು ಸರಿಯಾಗಿ ಕೂರಿಸಬಹುದು.

ಇದರ ಒಳಗುಟ್ಟನ್ನು ವಿವರವಾಗಿ ಪ್ರಕಟಿಸಿದವರಲ್ಲಿ ಗೂಗಲ್‌ನ ಎಂಜಿನಿಯರುಗಳು ಮುಖ್ಯರು. ಹಲವು ಫ್ರೇಮ್‌ಗಳನ್ನು ಕೂಡಿಸುವ ಎಚ್‌ಡಿಆರ್ ಪ್ಲಸ್ ವಿಧಾನದ ಬಗ್ಗೆ ಅವರ ಪ್ರಬಂಧ ಬಂದದ್ದು 2016ರಲ್ಲಿ. 2018ರ ನವೆಂಬರ್‌ನಲ್ಲಿ ಅದರ ಮೇಲೆ ಕಟ್ಟಿದ ನೈಟ್ ಸೈಟ್ ಪಿಕ್ಸೆಲ್ ಫೋನುಗಳಿಗೆ ಬಂತು. ಮುಂದಿನ ವರ್ಷ ಆಪಲ್ ಕೂಡ ಐಫೋನ್ 11ರಲ್ಲಿ ನೈಟ್ ಮೋಡ್ ಕೊಟ್ಟಿತು. ಕಂಪನಿಯಿಂದ ಕಂಪನಿಗೆ ವಿವರಗಳು ಬೇರೆ ಇದ್ದರೂ ಮೂಲ ಉಪಾಯ ಒಂದೇ ಆದ್ದರಿಂದ, ಪ್ರಕಟವಾಗಿರುವ ನೈಟ್ ಸೈಟ್‌ನ ಹೆಜ್ಜೆಗಳನ್ನೇ ಹಿಡಿದು ನಮ್ಮ ಅಂಗಳದ ಚಿತ್ರವನ್ನು ನೋಡೋಣ.

ಗುಂಡಿ ಒತ್ತುವ ಮೊದಲೇ ಕೆಲಸ ಶುರುವಾಗಿರುತ್ತದೆ. ಫೋನಿನ ಗೈರೊಸ್ಕೋಪ್ ಕೈ ಎಷ್ಟು ನಡುಗುತ್ತಿದೆ ಎಂದು ಅಳೆಯುತ್ತದೆ. ಪರದೆಯಲ್ಲಿ ಓಡುತ್ತಿರುವ ದೃಶ್ಯದಲ್ಲಿ ಏನೇನು ಚಲಿಸುತ್ತಿದೆ ಎಂಬ ಅಂದಾಜೂ ನಡೆಯುತ್ತದೆ. ಇವೆರಡರ ಮೇಲೆ ಒಂದು ಫ್ರೇಮಿಗೆ ಎಷ್ಟು ಸಮಯ ಎಂದು ತೀರ್ಮಾನವಾಗುತ್ತದೆ. ಚಲನೆ ಕಂಡರೆ ಸೆಕೆಂಡಿನ ಹದಿನೈದನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಸಮಯದ ಹದಿನೈದು ಫ್ರೇಮ್. ಫೋನು ಟ್ರೈಪಾಡ್ ಮೇಲೆ ಕಲ್ಲಿನಂತೆ ಕೂತಿದ್ದು ದೃಶ್ಯವೂ ಅಲುಗದಿದ್ದರೆ ಒಂದೊಂದು ಸೆಕೆಂಡಿನ ಆರು ಫ್ರೇಮ್.

ಆಮೇಲೆ ಫ್ರೇಮ್‌ಗಳಲ್ಲಿ ಚೂಪಾಗಿ ಬಂದ ಒಂದನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಉಳಿದವೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ಹೊಂದಿಸುವುದೂ ಇಡೀ ಚಿತ್ರವನ್ನು ಒಟ್ಟಿಗೆ ಎಳೆದಲ್ಲ. ಚಿತ್ರವನ್ನು ಅಂಗೈಯಗಲ ಬಟ್ಟೆಯ ತುಂಡುಗಳಂತೆ ಚಿಕ್ಕ ಚೌಕಗಳಾಗಿ ಹಂಚಿಕೊಂಡು, ಒಂದೊಂದು ಚೌಕವೂ ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಜರುಗಿದೆ ಎಂದು ಹುಡುಕುತ್ತದೆ. ಮೊದಲು ಕುಗ್ಗಿಸಿದ ಚಿತ್ರದಲ್ಲಿ ಸ್ಥೂಲವಾಗಿ, ಆಮೇಲೆ ದೊಡ್ಡದರಲ್ಲಿ ಸೂಕ್ಷ್ಮವಾಗಿ. ಸಿಕ್ಕಿದ ಮೇಲೆ ಹದಿನೈದೂ ಚೌಕಗಳ ಸರಾಸರಿ.

ಸರಾಸರಿಯಿಂದ ಎಷ್ಟು ಲಾಭ ಎಂದು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಸುಣ್ಣದ ಗೋಡೆಯ ಒಂದು ಪಿಕ್ಸೆಲ್ಲಿಗೆ ಒಂದು ಸೆಕೆಂಡಿನಲ್ಲಿ 60 ಎಲೆಕ್ಟ್ರಾನ್ ಬೀಳುತ್ತದೆ, ಪ್ರತಿ ಸಲ ಎಣಿಸುವಾಗ 2 ಎಲೆಕ್ಟ್ರಾನಿನ ತಪ್ಪಾಗುತ್ತದೆ ಎಂದು ಹಿಡಿಯಿರಿ. ಒಂದೇ ಫ್ರೇಮಿನಲ್ಲಿ ಸಿಗುವುದು 4 ಎಲೆಕ್ಟ್ರಾನ್. ಅದರಲ್ಲಿ ಮಳೆಯ ಏರುಪೇರು, ಎಣಿಕೆಯ ತಪ್ಪು ಎರಡೂ ಸೇರಿ ಸುಮಾರು 2.8ರ ಗೊಂದಲ. ಅಂದರೆ ಹುರುಳು ಗೊಂದಲದ ಒಂದೂವರೆ ಪಾಲೂ ಇಲ್ಲ. ಹದಿನೈದು ಫ್ರೇಮ್ ಕೂಡಿಸಿದರೆ ಹುರುಳು 60, ಗೊಂದಲ ಸುಮಾರು 11. ಈಗ ಹುರುಳು ಗೊಂದಲದ ಐದೂವರೆ ಪಾಲು. ಕೂಡಿಸಿದಷ್ಟೂ ಚಿತ್ರ ತಿಳಿಯಾಗುತ್ತದೆ. ಆದರೆ ಅದು ವರ್ಗಮೂಲದ ಲೆಕ್ಕದಲ್ಲಿ: ಹದಿನೈದು ಪಟ್ಟು ದುಡಿದರೆ ಸುಮಾರು ನಾಲ್ಕು ಪಟ್ಟು ಲಾಭ. ಅಜ್ಜಿಯ ಸೀರೆಯ ಅಂಚು, ಹೆಂಚಿನ ಸಾಲು ಕಂಡದ್ದು ಈ ನಾಲ್ಕು ಪಟ್ಟಿನಿಂದ.

ಮಗು ನಡೆದ ಒಂದು ಸೆಕೆಂಡು

ಈಗ ಮಗುವಿಗೆ ಬರೋಣ. ನಾನು ನಿಂತಿದ್ದು ಅವಳಿಂದ ಸುಮಾರು 4 ಮೀಟರ್ ದೂರದಲ್ಲಿ. ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾ ಅಷ್ಟು ದೂರದಲ್ಲಿ ಹತ್ತಿರಹತ್ತಿರ 5 ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ. ಅದನ್ನು ಸುಮಾರು 4,000 ಪಿಕ್ಸೆಲ್ ಹಂಚಿಕೊಳ್ಳುತ್ತವೆ. ಹಾಗಾಗಿ ಒಂದು ಪಿಕ್ಸೆಲ್ ಎಂದರೆ ಮಗುವಿನ ಮೇಲೆ ಒಂದೂಕಾಲು ಮಿಲಿಮೀಟರ್.

ಪ್ರದಕ್ಷಿಣೆಯ ನಡಿಗೆ ನಿಧಾನ. ಸೆಕೆಂಡಿಗೆ ಒಂದು ಮೀಟರ್ ಎಂದುಕೊಳ್ಳಿ. ಹದಿನೈದು ಫ್ರೇಮ್ ಮುಗಿಯುವಷ್ಟರಲ್ಲಿ ಅವಳು ಒಂದು ಮೀಟರ್, ಅಂದರೆ 800 ಪಿಕ್ಸೆಲ್ ದಾಟಿರುತ್ತಾಳೆ. ಇದೊಂದು ಚಲನೆ, ಫ್ರೇಮಿನಿಂದ ಫ್ರೇಮಿಗೆ ಆದದ್ದು. ಇನ್ನೊಂದು ಚಲನೆ ಒಂದೊಂದು ಫ್ರೇಮಿನ ಒಳಗೇ ಆಗುತ್ತದೆ. ಶಟರ್ ತೆರೆದಿದ್ದ ಆ ಸೆಕೆಂಡಿನ ಹದಿನೈದನೇ ಭಾಗದಲ್ಲೂ ಅವಳು 6.7 ಸೆಂಟಿಮೀಟರ್ ನಡೆದಿರುತ್ತಾಳೆ. ಅದು 53 ಪಿಕ್ಸೆಲ್.

ಈ ಎರಡು ಚಲನೆಗಳನ್ನು ಬೇರೆ ಬೇರೆ ಇಟ್ಟು ನೋಡಿದರೆ ಅಕ್ಕನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೊದಲನೆಯದನ್ನು ತಂತ್ರಾಂಶ ಸರಿಪಡಿಸಬಲ್ಲದು. ಎರಡನೆಯದನ್ನು ಸರಿಪಡಿಸಲಾರದು. ಒಂದು ಫ್ರೇಮಿನಲ್ಲಿ 53 ಪಿಕ್ಸೆಲ್ ಉದ್ದಕ್ಕೆ ಎಳೆದುಹೋದ ಮುಖ ಹದಿನೈದೂ ಫ್ರೇಮಿನಲ್ಲಿ ಹಾಗೇ ಎಳೆದುಹೋಗಿರುತ್ತದೆ. ಹದಿನೈದು ಎಳೆದ ಮುಖಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಒಂದರ ಮೇಲೊಂದು ಕೂರಿಸಿದರೂ ಸಿಗುವುದು ನಾಯ್ಸ್ ಇಲ್ಲದ, ಅಷ್ಟೇ ಎಳೆದ ಇನ್ನೊಂದು ಮುಖ. ಕೂಡಿಸುವುದರಿಂದ ರವೆ ಹೋಗುತ್ತದೆ, ಮಸುಕು ಹೋಗುವುದಿಲ್ಲ. ಆರಿಸಿಕೊಳ್ಳಲು ಒಳ್ಳೆಯ ಮಗು ಒಂದು ಫ್ರೇಮಿನಲ್ಲೂ ಇರಲಿಲ್ಲ.

ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಮಗುವಿನ ಕಣ್ಣಿನ ಅಗಲ ಮೂರು ಸೆಂಟಿಮೀಟರಿಗಿಂತ ಕಡಿಮೆ. ಅದು ತನ್ನ ಅಗಲದ ಎರಡು ಪಟ್ಟಿಗೂ ಹೆಚ್ಚು ಜರುಗಿದ್ದರಿಂದ ಕಣ್ಣಿನ ಕಪ್ಪು, ಕೆನ್ನೆಯ ಬಣ್ಣ ಎರಡೂ ಕಲಸಿಹೋದವು. ಬೀಸುವ ಕೈ ಮೈಗಿಂತ ವೇಗವಾಗಿ ಹೋಗುತ್ತದೆ. ಅದರ ವೇಗ ಎರಡು ಪಟ್ಟು ಎಂದಿಟ್ಟರೆ ಒಂದು ಫ್ರೇಮಿನಲ್ಲಿ 13 ಸೆಂಟಿಮೀಟರ್. ಆರು ಸೆಂಟಿಮೀಟರ್ ಅಗಲದ ಕೈ 13 ಸೆಂಟಿಮೀಟರ್ ಜರುಗಿದರೆ, ಹಿಂದಿನ ಗೋಡೆಯ ಯಾವ ಜಾಗವನ್ನೂ ಅದು ಅರ್ಧ ಹೊತ್ತೂ ಮುಚ್ಚಿರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬೆಳಕು ಗೋಡೆಯದೇ. ಹಾಗಾಗಿ ಕೈ ಪಾರದರ್ಶಕವಾಗಿ, ಕೊನೆಗೆ ಇಲ್ಲವೇ ಆಗಿ ಕಾಣುತ್ತದೆ.

ಹಾಗಾದರೆ ಗೆಜ್ಜೆಯ ಕಾಲು? ನಡೆಯುವಾಗ ನೆಲಕ್ಕೆ ಊರಿದ ಪಾದ ಚಲಿಸುವುದಿಲ್ಲ. ಮೈಯೆಲ್ಲ ಮುಂದೆ ಹೋಗುತ್ತಿರುವಾಗಲೂ ಊರಿದ ಕಾಲು ಅಷ್ಟು ಹೊತ್ತು ತುಳಸಿಕಟ್ಟೆಯಷ್ಟೇ ಸ್ಥಿರ. ಎತ್ತಿದ ಕಾಲು ಮಾತ್ರ ಮಾಯ. ನಿಮ್ಮ ಫೋನಿನ ರಾತ್ರಿ ಚಿತ್ರಗಳಲ್ಲಿ ನಡೆಯುವವರನ್ನು ಹುಡುಕಿ, ಎಷ್ಟೋ ಕಡೆ ಹೊಗೆಯ ಮೈ, ಗಟ್ಟಿ ಪಾದ ಕಾಣುತ್ತದೆ.

ಕೂಡಿಸಬೇಕೇ, ಬಿಡಬೇಕೇ

ಇದಿಷ್ಟೇ ಆಗಿದ್ದರೆ ಮಗು ಒಂದು ದಿಕ್ಕಿಗೆ ಎಳೆದಂತೆ ಮಾತ್ರ ಕಾಣಬೇಕಿತ್ತು. ಅವಳ ಲಂಗ ಮೇಣ ಕರಗಿದಂತೆ ಆಗಿದ್ದಕ್ಕೆ ಇನ್ನೊಂದು ಕಾರಣವಿದೆ. ಅದು ಕೂಡಿಸುವ ಹೆಜ್ಜೆಯಲ್ಲಿದೆ.

ಕಣ್ಣು ಮುಚ್ಚಿಕೊಂಡು ಹದಿನೈದು ಫ್ರೇಮಿನ ಸರಾಸರಿ ತೆಗೆದರೆ ಮಗು ಹದಿನೈದು ಕಡೆ ತೆಳ್ಳಗೆ ಕಾಣುತ್ತಾಳೆ. ಇದಕ್ಕೆ ಗೋಸ್ಟಿಂಗ್ ಎನ್ನುತ್ತಾರೆ. ಅದನ್ನು ತಪ್ಪಿಸಲು ತಂತ್ರಾಂಶ ಪ್ರತಿ ಚೌಕದಲ್ಲೂ ಒಂದು ಪರೀಕ್ಷೆ ಮಾಡುತ್ತದೆ. ಆಧಾರ ಫ್ರೇಮಿಗೂ ಈ ಫ್ರೇಮಿಗೂ ಇರುವ ವ್ಯತ್ಯಾಸ ಬರೀ ನಾಯ್ಸಿನಿಂದ ಆಗಬಹುದಾದಷ್ಟೇ ಇದೆಯೇ, ಅದಕ್ಕಿಂತ ಹೆಚ್ಚಿದೆಯೇ? ಅಷ್ಟೇ ಇದ್ದರೆ ಕೂಡಿಸು. ಹೆಚ್ಚಿದ್ದರೆ ಅಲ್ಲಿ ಏನೋ ಚಲಿಸಿದೆ, ಈ ಫ್ರೇಮನ್ನು ಆ ಜಾಗಕ್ಕೆ ಬಿಡು.

ಮಗು ನಡೆಯುತ್ತಿದ್ದ ಜಾಗದಲ್ಲಿ ಈ ಪರೀಕ್ಷೆಯಲ್ಲಿ ಬಹುತೇಕ ಫ್ರೇಮ್‌ಗಳು ಸೋಲುತ್ತವೆ. ಚೌಕವನ್ನು ಅವಳ ಜೊತೆಗೇ ಜರುಗಿಸಿ ಹೊಂದಿಸೋಣ ಎಂದರೆ, ಅವಳು ಗಟ್ಟಿ ಹಲಗೆಯಲ್ಲ. ಲಂಗದ ನೆರಿಗೆ ಒಂದೊಂದು ಫ್ರೇಮಿನಲ್ಲೂ ಬೇರೆ, ಕೈ ಮೈಯ ಹಿಂದೆ ಮರೆಯಾಗುತ್ತದೆ, ಮುಖ ತಿರುಗುತ್ತದೆ. ಕೊನೆಗೆ ಅವಳ ಪಾಲಿಗೆ ಉಳಿಯುವುದು ಆಧಾರ ಫ್ರೇಮ್ ಒಂದೇ, ಹೆಚ್ಚೆಂದರೆ ಅದರ ಜೊತೆ ಇನ್ನೊಂದೆರಡು.

ನಮ್ಮ ಸಣ್ಣ ಲೆಕ್ಕವನ್ನು ನೆನಪಿಸಿಕೊಳ್ಳಿ. ಗೋಡೆಗೆ ಹದಿನೈದು ಫ್ರೇಮಿನ ಬಲ, ಐದೂವರೆ ಪಾಲು ಹುರುಳು. ಮಗುವಿಗೆ ಒಂದೇ ಫ್ರೇಮಿನ ಬಲ, ಒಂದೂವರೆಗೂ ಕಡಿಮೆ. ಒಂದೇ ಚಿತ್ರದಲ್ಲಿ ತಿಳಿಯಾದ ಗೋಡೆಯ ಪಕ್ಕ ರವೆರವೆಯ ಮಗು ಕೂತರೆ ಕಣ್ಣಿಗೆ ಚುಚ್ಚುತ್ತದೆ. ಅದಕ್ಕೇ ಫ್ರೇಮ್ ಕಡಿಮೆ ಸಿಕ್ಕ ಜಾಗಗಳಲ್ಲಿ ತಂತ್ರಾಂಶ ಇನ್ನೊಂದು ಉಪಾಯ ಮಾಡುತ್ತದೆ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನೇ ಒಂದರೊಳಗೊಂದು ಬೆರೆಸಿ ರವೆಯನ್ನು ಸವರಿಬಿಡುತ್ತದೆ. ರವೆಯ ಜೊತೆಗೆ ಲಂಗದ ಜರಿ, ರೆಪ್ಪೆ, ಮುಂಗುರುಳು ಕೂಡ ಸವರಿಹೋಗುತ್ತವೆ. ಮೇಣ ಕರಗಿದಂತೆ ಕಾಣುವುದು ಇದೇ.

ಈ ಪರೀಕ್ಷೆಯನ್ನು ಇನ್ನೂ ಜಾಣತನದಿಂದ ಮಾಡಬಾರದೇ ಎಂದರೆ, ಕತ್ತಲೆಯೇ ಅಡ್ಡ ಬರುತ್ತದೆ. ಮಂದ ಬೆಳಕಿನಲ್ಲಿ ನಾಯ್ಸ್ ಎಷ್ಟು ದೊಡ್ಡದೆಂದರೆ ನಿಜವಾದ ಚಲನೆ ಅದರೊಳಗೆ ಅಡಗಿಬಿಡುತ್ತದೆ. ಪರೀಕ್ಷೆ ಬಿಗಿ ಮಾಡಿದರೆ ಅಲುಗದ ಗೋಡೆಯ ಚೌಕಗಳೂ ಸೋತು ಇಡೀ ಚಿತ್ರ ರವೆಯಾಗುತ್ತದೆ. ಸಡಿಲ ಮಾಡಿದರೆ ಮಗುವಿನ ಜಡೆ ಎರಡು ಕಡೆ ಕಾಣುತ್ತದೆ. ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು. ಎಲ್ಲಿ ನಿಂತರೂ ಒಂದಿಷ್ಟು ತಪ್ಪು ಉಳಿಯುತ್ತದೆ.

ಇನ್ನೂ ಸಣ್ಣ ತುಂಡು ಮಾಡಿದರೆ?

ಓದುಗರಿಗೆ ಈಗ ಒಂದು ಪ್ರಶ್ನೆ ಬಂದಿರಬೇಕು. ಸೆಕೆಂಡಿನ ಹದಿನೈದನೇ ಭಾಗ ಹೆಚ್ಚಾಯಿತು ಎಂದರೆ ನಾನೂರನೇ ಭಾಗದ ನಾನೂರು ಫ್ರೇಮ್ ತೆಗೆದು ಕೂಡಿಸಲಿ. ಆಗ ಮಗು ಒಂದು ಫ್ರೇಮಿನಲ್ಲಿ ಜರುಗುವುದು ಎರಡು ಪಿಕ್ಸೆಲ್ ಮಾತ್ರ.

ಬಟ್ಟಲಿನ ಎಣಿಕೆಯ ತಪ್ಪು ಇಲ್ಲಿ ತಡೆಯುತ್ತದೆ. ಪ್ರತಿ ಎಣಿಕೆಗೂ 2 ಎಲೆಕ್ಟ್ರಾನಿನ ತಪ್ಪು ಎಂದಿದ್ದೆವು. ಒಂದೇ ಸಲ ಎಣಿಸಿದರೆ ತಪ್ಪೂ ಒಂದೇ ಸಲ. ನಾನೂರು ಸಲ ಎಣಿಸಿದರೆ ಒಟ್ಟು ತಪ್ಪು ಸುಮಾರು 40ಕ್ಕೆ ಏರುತ್ತದೆ, ಹನಿಗಳು ಮಾತ್ರ ಅದೇ 60. ಅಲುಗದ ಗೋಡೆಯೇ ಒಂದೂವರೆ ಪಾಲಿಗೆ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ನಾನೂರನೇ ಒಂದು ಸೆಕೆಂಡಿನ ಫ್ರೇಮಿನಲ್ಲಿ ಒಂದು ಪಿಕ್ಸೆಲ್ಲಿಗೆ ಬೀಳುವುದು ಸರಾಸರಿ 0.15 ಎಲೆಕ್ಟ್ರಾನ್. ಅಂದರೆ ಏಳು ಬಟ್ಟಲಿಗೆ ಒಂದು ಹನಿ. ಅಂಥ ಫ್ರೇಮಿನಲ್ಲಿ ಮಗು ಎಲ್ಲಿದ್ದಾಳೆ ಎಂದೇ ಗೊತ್ತಾಗದು. ಕಾಣದ್ದನ್ನು ಹೊಂದಿಸುವುದು ಹೇಗೆ?

ಹೀಗೆ ಫೋನು ಎರಡು ಗೋಡೆಗಳ ನಡುವೆ ಸಿಕ್ಕಿದೆ. ಫ್ರೇಮ್ ಉದ್ದ ಮಾಡಿದರೆ ಮಗು ಎಳೆಯುತ್ತದೆ, ಚಿಕ್ಕದು ಮಾಡಿದರೆ ಮಗು ರವೆಯಲ್ಲಿ ಮುಳುಗುತ್ತದೆ. ಲೆನ್ಸನ್ನು ಅಲುಗಿಸಿ ಕೈನಡುಕ ತಡೆಯುವ ಒಐಎಸ್ ವ್ಯವಸ್ಥೆಯೂ ಇಲ್ಲಿ ಸಹಾಯಕ್ಕೆ ಬಾರದು. ಅದು ನಮ್ಮ ಕೈಯನ್ನು ಹಿಡಿದು ನಿಲ್ಲಿಸಬಲ್ಲದು, ಮಗುವಿನ ಕಾಲನ್ನಲ್ಲ.

ಕೆಟ್ಟ ಚಿತ್ರವನ್ನು ಓದುವುದು

ಕೆಟ್ಟ ಚಿತ್ರವನ್ನು ಅಳಿಸುವ ಮೊದಲು ಬೆರಳಿನಿಂದ ದೊಡ್ಡದು ಮಾಡಿ ನೋಡಿ. ಎಲ್ಲಿ ತಪ್ಪಾಯಿತು ಎಂದು ಅದೇ ಹೇಳುತ್ತದೆ.

ಮೊದಲು ಅಲುಗದ ವಸ್ತುವೊಂದನ್ನು ನೋಡಿ. ಹಣತೆಯ ಕುಡಿ, ದೂರದ ಬಲ್ಬು, ಬಾಗಿಲಿನ ಅಂಚು. ದೀಪಗಳೆಲ್ಲ ಒಂದೇ ದಿಕ್ಕಿಗೆ ಒಂದೇ ಆಕಾರದಲ್ಲಿ ಎಳೆದಿದ್ದರೆ ಅಲುಗಿದ್ದು ನಿಮ್ಮ ಕೈ. ಅವು ಚುಕ್ಕೆಯಾಗಿಯೇ ಇದ್ದು ಮನುಷ್ಯರು ಮಾತ್ರ ಎಳೆದಿದ್ದರೆ ಫ್ರೇಮಿನ ಸಮಯ ಆ ಚಲನೆಗೆ ಹೆಚ್ಚಾಯಿತು. ಮೈಯ ಅಂಚು ಎರಡೆರಡಾಗಿ ಕಂಡರೆ, ಅಥವಾ ಮೈಯೊಳಗಿಂದ ಹಿಂದಿನ ಗೋಡೆ ಗೆರೆಗೆರೆಯಾಗಿ ಕಂಡರೆ, ಬಿಡಬೇಕಿದ್ದ ಫ್ರೇಮನ್ನು ಕೂಡಿಸಲಾಗಿದೆ. ಎಳೆದ ದಿಕ್ಕೇ ಇಲ್ಲದೆ ಚರ್ಮ ನುಣ್ಣಗೆ ಮೇಣದಂತಿದ್ದರೆ ಆ ಜಾಗಕ್ಕೆ ಫ್ರೇಮ್ ಸಾಲಲಿಲ್ಲ, ಸವರಿದ್ದಾರೆ. ಅಕ್ಕನ ಮಗಳ ಚಿತ್ರದಲ್ಲಿ ಎರಡನೆಯದೂ ಕೊನೆಯದೂ ಸೇರಿದ್ದವು.

ಮತ್ತೆ ಅಂಗಳಕ್ಕೆ

ಆ ಸಂಜೆ ಇನ್ನೂ ಮೂರು ಚಿತ್ರ ತೆಗೆದೆ. ಪ್ರತಿ ಸಲವೂ ಒಂದೊಂದು ಸಂಗತಿ ಬದಲಿಸಿದೆ.

ಮೊದಲನೆಯದು ದಿಕ್ಕು. ಮಗು ನನ್ನ ಎದುರಿಗೆ ಅಡ್ಡ ಹಾಯುವಾಗ 53 ಪಿಕ್ಸೆಲ್ ಎಳೆಯುತ್ತಿದ್ದಳು. ಪ್ರದಕ್ಷಿಣೆಯ ಸುತ್ತಿನಲ್ಲಿ ಒಂದು ಕಡೆ ಅವಳು ಕ್ಯಾಮೆರಾದತ್ತ ನೇರವಾಗಿ ನಡೆದು ಬರುವ ಎರಡು ಹೆಜ್ಜೆ ಇರುತ್ತದೆ. ಆಗಲೂ ಅವಳು ಒಂದು ಫ್ರೇಮಿನಲ್ಲಿ 6.7 ಸೆಂಟಿಮೀಟರೇ ಚಲಿಸುತ್ತಾಳೆ, ಆದರೆ ನನ್ನ ಕಡೆಗೆ. ನಾಲ್ಕು ಮೀಟರಿನಲ್ಲಿ ಅದು ನೂರಕ್ಕೆ ಎರಡು ಪಾಲೂ ಅಲ್ಲ. ಅವಳ ಮುಖ ಅಷ್ಟೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಕೆನ್ನೆಯ ಅಂಚಿನಲ್ಲಿ ಅದು ಲೆಕ್ಕಕ್ಕೆ ಒಂದು ಪಿಕ್ಸೆಲ್. ನಡಿಗೆಯ ಏರಿಳಿತದಿಂದ ಒಂದಿಷ್ಟು ಮಸುಕು ಇತ್ತು, ಆದರೆ ಕಣ್ಣು ಮೂಗು ಬಂದವು, ನಗುವೂ ಬಂತು.

ಎರಡನೆಯದು ಬೆಳಕು. ಚಿತ್ರವನ್ನು ಫೋನಿನ ಪರದೆಯಲ್ಲಷ್ಟೇ ನೋಡುವುದಾದರೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಎಳೆತ ಕಣ್ಣಿಗೆ ಅಷ್ಟಾಗಿ ಬಾರದು. ಅದಕ್ಕೆ ಸೆಕೆಂಡಿನ ನೂರನೇ ಭಾಗದ ಫ್ರೇಮ್ ಬೇಕು. ಹದಿನೈದರಿಂದ ನೂರಕ್ಕೆ ಹೋಗಲು ಸುಮಾರು ಏಳು ಪಟ್ಟು ಬೆಳಕು ಬೇಕು. ಏಳು ಪಟ್ಟು ಎಂದರೆ ಹೆದರಬೇಕಿಲ್ಲ. ದೀಪಕ್ಕೆ ಹತ್ತಿರವಾದಷ್ಟೂ ಬೆಳಕು ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಬಲ್ಬಿನಿಂದ ಮೂರು ಮೀಟರ್ ದೂರ ಇದ್ದವರು ಒಂದು ಮೀಟರಿಗೆ ಬಂದರೆ ಒಂಬತ್ತು ಪಟ್ಟು. ಭಾವ ಒಳಗಿನಿಂದ ವೈರ್ ಎಳೆದು ಇನ್ನೊಂದು ಬಲ್ಬನ್ನು ಅಂಗಳದ ಕಂಬಕ್ಕೆ ಕಟ್ಟಿದರು. ಮಗು ಅದರ ಪಕ್ಕ ಹಾಯುವಾಗ ತೆಗೆದ ಚಿತ್ರದಲ್ಲಿ ಲಂಗದ ಜರಿ ಕಾಣಿಸಿತು. ಕೈ ಸ್ವಲ್ಪ ಮಸುಕಿತ್ತು, ಆದರೆ ಇತ್ತು.

ಫೋನಿನ ಫ್ಲ್ಯಾಶ್ ಇದೇ ಕೆಲಸ ಮಾಡದೇ ಎಂದರೆ, ಅರ್ಧ ಮಾತ್ರ. ದೊಡ್ಡ ಕ್ಯಾಮೆರಾದ ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸಣ್ಣ ಮಿಂಚು. ಆ ಮಿಂಚೇ ಚಲನೆಯನ್ನು ನಿಲ್ಲಿಸುತ್ತದೆ. ಫೋನಿನದು ಎಲ್‌ಇಡಿ ದೀಪ, ಅದು ಮಿಂಚುವುದಿಲ್ಲ, ಉರಿಯುತ್ತದೆ. ಹತ್ತಿರದವರಿಗೆ ಒಂದಿಷ್ಟು ಬೆಳಕು ಕೊಡುತ್ತದೆ, ಚಲನೆಯನ್ನು ತಡೆಯುವುದಿಲ್ಲ. ನಾಲ್ಕು ಮೀಟರ್ ದೂರದ ಮಗುವಿಗೆ ಅದು ತಲುಪುವುದೂ ಕಡಿಮೆ.

ಮೂರನೆಯದು ಕ್ಷಣ. ಮೂರು ಸುತ್ತು ಮುಗಿಸಿದ ಮೇಲೆ ಮಗು ಕಟ್ಟೆಯ ಮುಂದೆ ಬಗ್ಗಿ ನಮಸ್ಕಾರ ಮಾಡಿದಳು. ಹಣೆ ಕಟ್ಟೆಗೆ ತಾಗಿದಾಗ ಒಂದು ಕ್ಷಣ ಅಲುಗದೆ ಇದ್ದಳು. ಆ ಕ್ಷಣಕ್ಕೆ ಗುಂಡಿ ಒತ್ತಿದೆ. ಅವಳಿಗೂ ಹದಿನೈದು ಫ್ರೇಮ್ ಸಿಕ್ಕವು. ಮುಂಗುರುಳು, ಹಣೆಯ ಕುಂಕುಮ, ಹಣತೆಯ ಬೆಳಕು ಬಿದ್ದ ಕೆನ್ನೆ ಎಲ್ಲವೂ ಗೋಡೆಯಷ್ಟೇ ತಿಳಿಯಾಗಿ ಬಂದವು. ಪ್ರತಿ ಚಲನೆಯಲ್ಲೂ ಇಂಥ ನಿಲುಗಡೆ ಇರುತ್ತದೆ. ಉಯ್ಯಾಲೆ ತುತ್ತತುದಿಗೆ ಹೋಗಿ ತಿರುಗುವಾಗ, ಯಕ್ಷಗಾನದ ವೇಷ ಕುಣಿತ ಮುಗಿಸಿ ಭಂಗಿಯಲ್ಲಿ ನಿಂತಾಗ, ಆರತಿಯ ತಟ್ಟೆ ಮೇಲೆ ಹೋಗಿ ಇಳಿಯುವ ಮುನ್ನ.

ಎರಡು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಟ್ರೈಪಾಡ್ ಅಥವಾ ಕಟ್ಟೆಯ ಮೇಲೆ ಫೋನು ಇಟ್ಟರೆ ರಾತ್ರಿಯ ಚಿತ್ರ ಯಾವಾಗಲೂ ಚೆನ್ನಾಗಿ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಗುಡಿ ಗೋಪುರಕ್ಕೆ ಅದು ನಿಜ. ಆದರೆ ಫೋನು ಅಲುಗದಿರುವುದನ್ನು ಕಂಡ ಕೂಡಲೇ ನೈಟ್ ಮೋಡ್ ಫ್ರೇಮಿನ ಸಮಯವನ್ನು ಹಿಗ್ಗಿಸುತ್ತದೆ. ಚಲನೆಯ ಅಳತೆ ನಡೆದದ್ದು ನೀವು ಗುಂಡಿ ಒತ್ತುವ ಮೊದಲು. ಆಗ ಸುಮ್ಮನೆ ನಿಂತಿದ್ದ ಮಗು ಆಮೇಲೆ ಹೆಜ್ಜೆ ಇಟ್ಟರೆ, ಒಂದು ಸೆಕೆಂಡಿನ ಒಂದೇ ಫ್ರೇಮಿನಲ್ಲಿ ಅವಳು ಒಂದು ಮೀಟರ್ ಹರಡಿಹೋಗುತ್ತಾಳೆ. ಮನುಷ್ಯರಿರುವ ಚಿತ್ರಕ್ಕೆ ಫೋನನ್ನು ಕೈಯಲ್ಲೇ ಹಿಡಿಯಿರಿ. ಬೆಳಕು ತಕ್ಕಮಟ್ಟಿಗೆ ಇದ್ದರೆ ನೈಟ್ ಮೋಡನ್ನು ಆರಿಸಿ ಸಾಮಾನ್ಯ ಮೋಡ್‌ನಲ್ಲಿ ನಾಲ್ಕಾರು ಚಿತ್ರ ತೆಗೆಯಿರಿ. ರವೆ ಇರುತ್ತದೆ, ಆದರೆ ಮುಖ ಇರುತ್ತದೆ.

ಎರಡನೆಯದು, ನೈಟ್ ಮೋಡ್‌ನಲ್ಲಿ ಗುಂಡಿ ಒತ್ತಿದ ಕೂಡಲೇ ಚಿತ್ರ ಮುಗಿಯುವುದಿಲ್ಲ, ಶುರುವಾಗುತ್ತದೆ. ಹಗಲಿನ ಮೋಡ್‌ನಲ್ಲಿ ಹಲವು ಫೋನುಗಳು ಗುಂಡಿ ಒತ್ತುವ ಮೊದಲೇ ಹಿಡಿದಿಟ್ಟ ಫ್ರೇಮ್‌ಗಳನ್ನು ಬಳಸುತ್ತವೆ. ರಾತ್ರಿಯಲ್ಲಿ ಫ್ರೇಮ್‌ಗಳು ಒತ್ತಿದ ಮೇಲೆ ಬರುತ್ತವೆ. ಅದಕ್ಕೇ ಗುಂಡಿ ಒತ್ತಿದ ಮೇಲೂ ವೃತ್ತ ತುಂಬುವವರೆಗೆ ಫೋನು ಇಳಿಸಬೇಡಿ. ಎದುರಿಗಿರುವವರಿಗೂ "ಆಯ್ತು" ಎಂದು ಆಗಲೇ ಹೇಳಬೇಡಿ.